ಸ್ಟಾರ್ ನೋಡಿ ಅಲ್ಲ, ಯುನಿಟ್ ನೋಡಿ ಕೊಂಡ ಇನ್ವರ್ಟರ್ ಫ್ರಿಜ್: ಗದಗದ ಬಳಕೆಯ ಅನುಭವ

ನಮ್ಮದು 250 ಲೀಟರಿನ ಆಸುಪಾಸಿನ ಡಬಲ್ ಡೋರ್ ಫ್ರಾಸ್ಟ್ ಫ್ರೀ ಫ್ರಿಜ್. ಬೇಕಾದಂತೆ ವೇಗ ಹೆಚ್ಚು ಕಡಿಮೆ ಮಾಡಿಕೊಂಡು ಓಡುವ ಇನ್ವರ್ಟರ್ ಕಂಪ್ರೆಸರ್, 3 ಸ್ಟಾರ್. ಗದಗದ ಕೆಲವು ಬೇಸಿಗೆಗಳನ್ನು ಕಂಡಿದೆ, ಈವರೆಗೆ ರಿಪೇರಿ ಬಂದಿಲ್ಲ. ಆದರೆ ಇದನ್ನು ಕೊಳ್ಳುವಾಗ ಅಂಗಡಿಯಲ್ಲಿ ಕೇಳಿದ ಮಾತಿಗೂ ಬಳಸಿದ ಮೇಲೆ ಕಂಡ ಲಾಭಕ್ಕೂ ಬಹಳ ವ್ಯತ್ಯಾಸವಿದೆ.

"ಇನ್ವರ್ಟರ್ ಐತ್ರೀ ಅಕ್ಕಾರ, ಬಿಲ್ ಅರ್ಧಕ್ಕ ಇಳೀತದ" ಅಂದರು ಅಂಗಡಿಯವರು. ನಾನು ಲೇಬಲ್ ಓದಿದೆ. ಸ್ಟಾರ್‌ಗಳ ಕೆಳಗೆ ವರ್ಷಕ್ಕೆ ಇಷ್ಟು ಯುನಿಟ್ ಎಂದು ಒಂದು ಸಂಖ್ಯೆ ಇರುತ್ತದೆ, ಹೋಲಿಸಬೇಕಾದದ್ದು ಅದನ್ನು. ಸ್ಟಾರ್ ಕೊಡುವುದು ಫ್ರಿಜ್‌ನ ಗಾತ್ರ ಮತ್ತು ಬಗೆಯನ್ನು ಲೆಕ್ಕಕ್ಕೆ ಹಿಡಿದು. ಸಿಂಗಲ್ ಡೋರ್ ಡೈರೆಕ್ಟ್ ಕೂಲ್‌ಗೆ ಒಂದು ಅಳತೆ, ಫ್ರಾಸ್ಟ್ ಫ್ರೀಗೆ ಇನ್ನೊಂದು. ಹಾಗಾಗಿ 3 ಸ್ಟಾರಿನ ದೊಡ್ಡ ಫ್ರಿಜ್ 2 ಸ್ಟಾರಿನ ಚಿಕ್ಕದಕ್ಕಿಂತ ಹೆಚ್ಚು ಕರೆಂಟ್ ತಿನ್ನಬಹುದು. ಲೇಬಲ್ಲಿನ ಅವಧಿಯನ್ನೂ ನೋಡಿ. ಅಳತೆಯನ್ನು ಕಾಲಕಾಲಕ್ಕೆ ಬಿಗಿ ಮಾಡುತ್ತಾರೆ, ಹಳೆಯ ಸ್ಟಾಕಿನ 3 ಸ್ಟಾರ್ ಹೊಸ ಅಳತೆಯಲ್ಲಿ 2ಕ್ಕೆ ಇಳಿದೀತು.

ಒಂದೇ ಗಾತ್ರದ ಮೂರು ಫ್ರಿಜ್ ಮುಂದಿದ್ದವು. ಸಾದಾ ಕಂಪ್ರೆಸರಿನ 2 ಸ್ಟಾರ್, 246 ಯುನಿಟ್. ಇನ್ವರ್ಟರ್ ಇದ್ದೂ 2 ಸ್ಟಾರ್, 240 ಯುನಿಟ್. ಇನ್ವರ್ಟರಿನ 3 ಸ್ಟಾರ್, 196 ಯುನಿಟ್. ನಡುವಿನದರ ಬಾಗಿಲ ಮೇಲೆ ಇನ್ವರ್ಟರ್ ಎಂದು ದೊಡ್ಡದಾಗಿ ಬರೆದಿದ್ದರೂ ವರ್ಷಕ್ಕೆ ಉಳಿಸುವುದು ಬರೀ 6 ಯುನಿಟ್. ಕಂಪ್ರೆಸರ್ ಎಷ್ಟೇ ಚೆನ್ನಾಗಿರಲಿ, ಇನ್ಸುಲೇಶನ್ ಸಾಧಾರಣವಾದರೆ ಇಷ್ಟೇ ಆಗುವುದು. ಮೊದಲನೆಯದಕ್ಕೂ ಕೊನೆಯದಕ್ಕೂ 50 ಯುನಿಟ್ ವ್ಯತ್ಯಾಸ. ಯುನಿಟ್‌ಗೆ ಸುಮಾರು 6 ರೂಪಾಯಿ ಹಿಡಿದರೆ ವರ್ಷಕ್ಕೆ 300 ರೂಪಾಯಿ. ಬೆಲೆಯಲ್ಲಿ ಅಂತರ 3,500. ಬಿಲ್ ಒಂದನ್ನೇ ನಂಬಿದರೆ ಹಾಕಿದ ದುಡ್ಡು ವಾಪಸ್ ಬರಲು 11–12 ವರ್ಷ ಬೇಕು. ಗೃಹಜ್ಯೋತಿಯಲ್ಲಿ ಬಿಲ್ ಸೊನ್ನೆ ಬರುವ ಮನೆಗೆ ಅದೂ ಇಲ್ಲ. ಒಂದು ಕಡೆ ಮಾತ್ರ ಲೆಕ್ಕ ತಿರುಗುತ್ತದೆ: ತಿಂಗಳ ಬಳಕೆ 200 ಯುನಿಟ್ ದಾಟಿದರೆ ಆ ತಿಂಗಳ ಬಿಲ್ ಪೂರ್ತಿ ಕಟ್ಟಬೇಕು. ಬೇಸಿಗೆಯಲ್ಲಿ 200ರ ಅಂಚಿಗೆ ಬರುವ ಮನೆಗೆ ತಿಂಗಳಿಗೆ ಉಳಿಯುವ ನಾಲ್ಕು ಯುನಿಟ್ಟೇ ಸಾವಿರದ ಮೇಲಿನ ಬಿಲ್ ತಪ್ಪಿಸಬಹುದು.

ಪ್ಲಗ್ಗಿಗೂ ಸಾಕೆಟ್ಟಿಗೂ ನಡುವೆ ಹಾಕುವ ಚಿಕ್ಕ ಮೀಟರ್ ತಂದು ಅಳೆದೆ. ಚಳಿಗಾಲದಲ್ಲಿ ತಿಂಗಳಿಗೆ 13 ಯುನಿಟ್‌ನಷ್ಟು, ಏಪ್ರಿಲ್‌ನಲ್ಲಿ 23ರ ಹತ್ತಿರ. ಲೇಬಲ್ಲಿನ ಸಂಖ್ಯೆ ಲ್ಯಾಬಿನದು. ಅಡುಗೆಮನೆಯ ಕಾವು, ಮಕ್ಕಳು ಬಾಗಿಲು ತೆಗೆಯುವುದು ಅದರಲ್ಲಿ ಇಲ್ಲ. ಮೀಟರಿನಲ್ಲಿ ಯಂತ್ರದ ನಡಿಗೆಯೂ ಕಾಣುತ್ತದೆ. ಹಳೆಯ ಸಾದಾ ಫ್ರಿಜ್ 110 ವ್ಯಾಟಿಗೆ ಏರಿ, ಸ್ವಲ್ಪ ಹೊತ್ತು ಓಡಿ, ಸೊನ್ನೆಗೆ ಇಳಿಯುತ್ತಿತ್ತು. ಇದು ಒಮ್ಮೆ ಶುರುವಾದರೆ 35–50 ವ್ಯಾಟಿನಲ್ಲಿ ಮೆಲ್ಲಗೆ, ಹೆಚ್ಚು ಹೊತ್ತು ಓಡುತ್ತದೆ. ಆಗೊಮ್ಮೆ ಈಗೊಮ್ಮೆ ಸಂಖ್ಯೆ ಜಿಗಿದರೆ ಹೆದರಬೇಡಿ, ಅದು ಐಸ್ ಕರಗಿಸುವ ಹೀಟರ್.

ನನ್ನ ಮಟ್ಟಿಗೆ ನಿಜವಾದ ಲಾಭ ವೋಲ್ಟೇಜಿನದು. ಸಾದಾ ಕಂಪ್ರೆಸರ್ ಶುರುವಾಗುವಾಗ ಓಡುವಾಗಿನ ಹಲವು ಪಟ್ಟು ಕರೆಂಟ್ ಎಳೆಯುತ್ತದೆ. ಸಂಜೆ ವೋಲ್ಟೇಜ್ ಬಿದ್ದಾಗ ಅಥವಾ ಕರೆಂಟ್ ಹೋಗಿ ತಟ್ಟನೆ ಬಂದಾಗ, ಒಳಗಿನ ಗ್ಯಾಸ್ ಒತ್ತಡ ಇನ್ನೂ ಇಳಿದಿರುವುದಿಲ್ಲ. ಆಗ ಹಳೆಯ ಫ್ರಿಜ್ "ಹೂಂ" ಎಂದು ಗುಂಯ್ಗುಟ್ಟಿ, ಟಕ್ ಎಂದು ನಿಂತು, ಮತ್ತೆ ಅದನ್ನೇ ಮಾಡುತ್ತಿತ್ತು. ಆ ಸದ್ದು ಪದೇ ಪದೇ ಬಂದರೆ ಪ್ಲಗ್ ತೆಗೆದು ಐದು ನಿಮಿಷ ಬಿಡುವುದು ಒಳ್ಳೆಯದು, ಇಲ್ಲವಾದರೆ ಕಂಪ್ರೆಸರಿನ ವೈಂಡಿಂಗ್ ಸುಡಬಹುದು. ಇನ್ವರ್ಟರ್ ನಿಧಾನ ವೇಗದಲ್ಲಿ ಶುರುವಾಗುವುದರಿಂದ ಆ ಹೊಡೆತವಿಲ್ಲ. ಮನೆಯ ಯುಪಿಎಸ್ ಮೇಲೂ ಹಗುರ. ರಾತ್ರಿ ಸದ್ದೂ ಇಲ್ಲ.

ಇನ್ವರ್ಟರ್ ಫ್ರಿಜ್‌ನ ಸೂಕ್ಷ್ಮ ಭಾಗ ಕಂಪ್ರೆಸರಿನ ವೇಗ ನಡೆಸುವ ಎಲೆಕ್ಟ್ರಾನಿಕ್ ಬೋರ್ಡ್. ಮಳೆಗಾಲದ ಗುಡುಗು ಮಿಂಚಿನಲ್ಲಿ ಲೈನಿನಲ್ಲಿ ಬರುವ ಏಟಿಗೆ ಅದು ಹೋಗಬಹುದು, ಬದಲಿಸಿದರೆ ಕೆಲವು ಸಾವಿರ. ಸಾದಾ ಫ್ರಿಜ್‌ನಲ್ಲಿ ಹೋಗುವುದು ಹೆಚ್ಚಾಗಿ ಕಂಪ್ರೆಸರನ್ನು ಶುರು ಮಾಡಿಸುವ ರಿಲೇ, ಅದನ್ನು ಓಣಿಯ ಮೆಕ್ಯಾನಿಕ್ಕೇ ಕೆಲವು ನೂರಕ್ಕೆ ಹಾಕಿಕೊಡುತ್ತಾರೆ. ಸ್ಟೆಬಿಲೈಜರ್ ಬೇಡ ಎಂದು ಮೈಮೇಲೆ ಬರೆದಿದ್ದರೆ ಅದರ ಪಕ್ಕದ ವೋಲ್ಟೇಜ್ ಮಿತಿಯನ್ನು ಓದಿ. ಮಿಂಚಿಗೆ ಆ ಮಾತು ಅನ್ವಯಿಸುವುದಿಲ್ಲ, ಗುಡುಗು ಶುರುವಾದರೆ ನಾವು ಪ್ಲಗ್ ಕಿತ್ತಿಡುತ್ತೇವೆ. "10 ವರ್ಷ ವಾರಂಟಿ" ಎನ್ನುವುದು ಸಾಮಾನ್ಯವಾಗಿ ಕಂಪ್ರೆಸರಿಗೆ ಮಾತ್ರ. ಬೋರ್ಡಿಗೆ ಎಷ್ಟು ಎಂದು ಕಾರ್ಡಿನಲ್ಲಿ ಬೆರಳಿಟ್ಟು ಓದಿಸಿಕೊಳ್ಳಿ.

ವೋಲ್ಟೇಜ್ ಸರಿ ಇರುವ ಕಡೆ, ಚಿಕ್ಕ ಸಂಸಾರಕ್ಕೆ, ಯುನಿಟ್ ಕಡಿಮೆ ಇರುವ ಸಾದಾ ಸಿಂಗಲ್ ಡೋರ್ ಧಾರಾಳ ಸಾಕು. ನಮ್ಮ ಓಣಿಯಂತೆ ದೀಪ ಮಂದವಾಗುವ ಕಡೆ ನಾನು ಇನ್ವರ್ಟರ್ ಕಡೆಗೇ ನಿಲ್ಲುತ್ತೇನೆ.