ಒಂದು ಮಳೆ ಚಾರ್ಟ್, ನಾಲ್ಕು ಬಗೆಯ ಆಲ್ಟ್ ಪಠ್ಯ: ಅಣ್ಣನ ಕಿವಿಗೆ ದಕ್ಕಿದ್ದು ಯಾವುದು?

ಚಳ್ಳಕೆರೆ ಹತ್ತಿರದ ನಮ್ಮ ಹೊಲದಲ್ಲಿ ದೊಡ್ಡಪ್ಪ ಒಂದು ಮಳೆಮಾಪಕ ಇಟ್ಟಿದ್ದಾರೆ. ದಿನಾ ಬೆಳಿಗ್ಗೆ ಎಂಟೂವರೆಗೆ ಹೋಗಿ ನೀರು ಅಳೆದು ನೋಟ್‌ಬುಕ್ಕಿನಲ್ಲಿ ಬರೆಯುತ್ತಾರೆ. ಹವಾಮಾನ ಇಲಾಖೆಯವರೂ ಅದೇ ಹೊತ್ತಿಗೆ ಅಳೆಯುತ್ತಾರೆ ಅನ್ನೋದು ಅವರಿಗೆ ದೊಡ್ಡ ಹೆಮ್ಮೆ. ವರ್ಷ ಮುಗಿದ ಮೇಲೆ ಅದನ್ನೆಲ್ಲ ಗೂಗಲ್ ಶೀಟಿಗೆ ಹಾಕಿ, ತಿಂಗಳವಾರು ಬಾರ್ ಚಾರ್ಟ್ ಮಾಡಿ, ಮನೆಯವರಿಗಾಗಿ ಮಾಡಿಕೊಂಡಿರುವ ಪುಟ್ಟ ವೆಬ್ ಪುಟದಲ್ಲಿ ಹಾಕುವುದು ನನ್ನ ಕೆಲಸ.

ದೊಡ್ಡಪ್ಪನ ಮಗ, ಅಂದರೆ ನನ್ನ ಅಣ್ಣ, ದಾವಣಗೆರೆಯಲ್ಲಿ ಕೆಲಸದಲ್ಲಿದ್ದಾನೆ. ಅವನಿಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಪರದೆಯಲ್ಲಿರುವುದನ್ನು ಓದಿ ಹೇಳುವ ತಂತ್ರಾಂಶ ಬಳಸುತ್ತಾನೆ: ಲ್ಯಾಪ್‌ಟಾಪಿನಲ್ಲಿ ಎನ್‌ವಿಡಿಎ, ಫೋನಿನಲ್ಲಿ ಟಾಕ್‌ಬ್ಯಾಕ್. ಶೇಂಗಾ ಯಾವಾಗ ಬಿತ್ತಬೇಕು ಅಂತ ಮನೆಯಲ್ಲಿ ಚರ್ಚೆ ಬಂದರೆ ಅವನೂ ಫೋನಿನಲ್ಲಿ ಇರಲೇಬೇಕು. ಈ ಸಲ ಚಾರ್ಟ್ ಹಾಕಿದ ದಿನವೇ ಫೋನ್ ಮಾಡಿದ: "ತಮ್ಮಾ, ನನ್ನ ಕಿವಿಗೆ 'ಗ್ರಾಫಿಕ್, ಮಳೆ ಚಾರ್ಟ್' ಅಂತ ಬಂತು ನೋಡು, ಅಷ್ಟೇ. ಮಳೆ ಎಲ್ಲಪ್ಪಾ?"

ಚಿತ್ರ ಕಾಣದವರಿಗೆ ಅದರ ಬದಲು ಓದಿ ಹೇಳಲಿ ಅಂತ ಚಿತ್ರಕ್ಕೆ ಕಟ್ಟುವ ಬರಹವೇ ಆಲ್ಟ್ ಪಠ್ಯ. ನಾನು ಆಲ್ಟ್‌ನಲ್ಲಿ ಬರೆದಿದ್ದೇ ಅಷ್ಟು. ಸರಿ ಅಂತ ಒಂದೇ ಚಾರ್ಟಿಗೆ ನಾಲ್ಕು ಬಗೆಯಲ್ಲಿ ಪಠ್ಯ ಮಾಡಿ, ಒಂದೊಂದಾಗಿ ಅವನಿಗೆ ಕೇಳಿಸಿದೆ. ಪ್ರತಿ ಸಲವೂ ಅವೇ ಮೂರು ಪ್ರಶ್ನೆ. ಯಾವ ತಿಂಗಳು ಜಾಸ್ತಿ ಮಳೆ? ಮೇ ಆದ ಮೇಲೆ ಮಳೆ ಹಿಂದೆ ಸರಿಯಿತಾ? ಜುಲೈ ಕಥೆ ಏನು?

ಶೀಟಿನಲ್ಲಿದ್ದ ಅಂಕಿಗಳು ಇವು, ಎಲ್ಲಾ ಮಿಲಿಮೀಟರ್‌ನಲ್ಲಿ: ಜನವರಿ 0, ಫೆಬ್ರವರಿ 0, ಮಾರ್ಚ್ 6, ಏಪ್ರಿಲ್ 38, ಮೇ 84, ಜೂನ್ 52, ಜುಲೈ ಖಾಲಿ, ಆಗಸ್ಟ್ 71, ಸೆಪ್ಟೆಂಬರ್ 118, ಅಕ್ಟೋಬರ್ 132, ನವೆಂಬರ್ 40, ಡಿಸೆಂಬರ್ 9. ಜುಲೈ ಯಾಕೆ ಖಾಲಿ ಅನ್ನೋದು ಆಮೇಲೆ.

ಮೊದಲನೆಯದು: ಎಲ್ಲಾ ಅಂಕಿಗಳನ್ನೂ ಸುರಿದದ್ದು

ಮೇಲಿನ ಸಾಲನ್ನೇ ಹಾಗೇ ಆಲ್ಟ್‌ಗೆ ಹಾಕಿದೆ. ಏನೂ ಬಿಟ್ಟಿಲ್ಲ, ಇದಕ್ಕಿಂತ ಪ್ರಾಮಾಣಿಕ ಇನ್ನೊಂದಿಲ್ಲ ಅಂದುಕೊಂಡೆ. ಅಣ್ಣ ಪೂರ್ತಿ ಕೇಳಿ ಸುಮ್ಮನೆ ಕೂತ. "ಅಕ್ಟೋಬರ್ ಇರಬೇಕು" ಅಂದ. ಎರಡನೇ ಪ್ರಶ್ನೆಗೆ ಮತ್ತೆ ಮೊದಲಿನಿಂದ ಕೇಳಿದ.

ತೊಂದರೆ ಇರುವುದು ಆಲ್ಟ್‌ನ ಗುಣದಲ್ಲೇ. ಅದರೊಳಗೆ ಪಟ್ಟಿ ಮಾಡಲು ಬರುವುದಿಲ್ಲ, ಶೀರ್ಷಿಕೆ ಹಾಕಲು ಬರುವುದಿಲ್ಲ. ನಾವು ಸಾಲು ಮುರಿದು ಬರೆದರೂ ಓದುವಾಗ ಎಲ್ಲ ಸೇರಿ ಒಂದೇ ದಾರ ಆಗುತ್ತದೆ. ಫೋನಿನಲ್ಲಿ ಒಮ್ಮೆ ಸ್ವೈಪ್ ಮಾಡಿದರೆ ಪೂರ್ತಿ ಓದುತ್ತದೆ. ನಡುವೆ ಒಂದು ಅಂಕಿ ತಪ್ಪಿದರೆ ಮತ್ತೆ ಜನವರಿಯಿಂದ ಶುರು. ಪದ ಪದವಾಗಿ ಹೋಗುವ ದಾರಿ ಇದೆ, ಆದರೆ ಅಷ್ಟು ತಾಳ್ಮೆ ಯಾರಿಗಿರುತ್ತದೆ? ಕಣ್ಣಿರುವವರಿಗೆ ಅಕ್ಟೋಬರ್ ಕಂಬ ಎದ್ದು ಕಾಣುತ್ತದೆ. ಕಿವಿಗೆ 132 ಕೂಡ ಒಂದು ಅಂಕಿ, 6 ಕೂಡ ಒಂದು ಅಂಕಿ.

ಎರಡನೆಯದು: ಒಂದೇ ವಾಕ್ಯ

ಏಮಿ ಸೀಸಲ್ ಅನ್ನುವವರು ಹೇಳಿಕೊಟ್ಟ ಒಂದು ಸೂತ್ರ ಜನಪ್ರಿಯವಾಗಿದೆ: ಯಾವ ಬಗೆಯ ಚಾರ್ಟ್, ಯಾವುದರ ಅಂಕಿ, ಯಾಕೆ ಈ ಚಾರ್ಟ್ ಹಾಕಿದ್ದೀರಿ. ಈ ಮೂರನ್ನು ಒಂದು ವಾಕ್ಯದಲ್ಲಿ ಹೇಳಿ, ಅಂಕಿಗಳಿಗೆ ಬೇರೆ ಕಡೆ ದಾರಿ ಕೊಡಬೇಕು. ನಾನು ಬರೆದದ್ದು: "ನಮ್ಮ ಹೊಲದ ತಿಂಗಳವಾರು ಮಳೆಯ ಬಾರ್ ಚಾರ್ಟ್, ವರ್ಷದ ಮಳೆಯಲ್ಲಿ ಅರ್ಧದ ಹತ್ತಿರ ಸೆಪ್ಟೆಂಬರ್, ಅಕ್ಟೋಬರ್‌ನಲ್ಲೇ ಬಿದ್ದಿದೆ."

ಇದು ಅಣ್ಣನಿಗೆ ಹಿಡಿಸಿತು. ಉಸಿರು ಬಿಡುವುದರೊಳಗೆ ಮುಗಿಯುತ್ತದೆ, ಚಾರ್ಟ್ ಬೇಕೋ ಬೇಡವೋ ಅಂತ ಗೊತ್ತಾಗುತ್ತದೆ. ಆದರೆ ನನ್ನ ಎರಡನೇ, ಮೂರನೇ ಪ್ರಶ್ನೆಗೆ ಉತ್ತರ ಇಲ್ಲ. ಬಿತ್ತನೆ ಮಾತಾಡುವವನಿಗೆ ಬೇಕಾಗಿದ್ದು ಮೇ ಮತ್ತು ಜೂನ್. ನಾನು ಆರಿಸಿದ "ಯಾಕೆ" ಬೇರೆ, ಅವನ "ಯಾಕೆ" ಬೇರೆ. ಯಾರೋ ಒಬ್ಬರು ಆರಿಸಿದ ಒಂದು ಮಾತಿಗೆ ಇಡೀ ಚಾರ್ಟ್ ಕಟ್ಟಿಬಿದ್ದಂತಾಯಿತು.

ಮೂರನೆಯದು: ಶೀಟಿನಿಂದಲೇ ಹುಟ್ಟುವ ಪಠ್ಯ

ಇದಕ್ಕೇ ನಾನು ಜಾಸ್ತಿ ಹೊತ್ತು ಕೂತಿದ್ದು. ಒಂದು ಕ್ರಮ ಗೊತ್ತುಮಾಡಿಕೊಂಡೆ. ಮೊದಲು ಏನು, ಯಾವ ಅಳತೆಯಲ್ಲಿ. ಆಮೇಲೆ ಒಟ್ಟು. ಆಮೇಲೆ ಅತಿ ಹೆಚ್ಚು, ಅತಿ ಕಡಿಮೆ. ಆಮೇಲೆ ಏರಿಳಿತ. ಕೊನೆಗೆ ಲೆಕ್ಕ ಇಲ್ಲದ ತಿಂಗಳು. ಪ್ರತಿ ವರ್ಷವೂ ಇದೇ ಕ್ರಮ ಇದ್ದರೆ ಕೇಳುವವನಿಗೆ ಮುಂದಿನ ವಾಕ್ಯದಲ್ಲಿ ಏನು ಬರುತ್ತದೆ ಅಂತ ಮೊದಲೇ ಗೊತ್ತಿರುತ್ತದೆ. ಹೆಚ್ಚು, ಕಡಿಮೆ ಹುಡುಕುವುದನ್ನು ಸೂತ್ರಕ್ಕೆ ಬಿಟ್ಟೆ:

```
=INDEX(A2:A13, MATCH(MIN(B2:B13), B2:B13, 0))
```

"ಅತಿ ಕಡಿಮೆ: ಜನವರಿ" ಅಂತ ಬಂತು. ಫೆಬ್ರವರಿಯೂ ಸೊನ್ನೆಯೇ ಅಲ್ವಾ? `MATCH` ಮೊದಲು ಸಿಕ್ಕಿದ್ದನ್ನು ಹಿಡಿದು ಅಲ್ಲೇ ನಿಲ್ಲುತ್ತದೆ. ಚಾರ್ಟ್ ನೋಡುವವರಿಗೆ ಎರಡೂ ಕಡೆ ಕಂಬ ಇಲ್ಲದ್ದು ಕಾಣುತ್ತದೆ. ಕೇಳುವವರಿಗೆ ಫೆಬ್ರವರಿಯಲ್ಲಿ ಒಂದಿಷ್ಟು ಮಳೆ ಬಂದಿತ್ತು ಅನ್ನಿಸಿಬಿಡುತ್ತದೆ. ಹಾಗಾಗಿ `FILTER` ಹಾಕಿ, ಕಡಿಮೆ ಇರುವ ಎಲ್ಲ ತಿಂಗಳೂ ಬರಲಿ ಅಂದೆ. ಈಗ "ಜನವರಿ, ಫೆಬ್ರವರಿ, ಜುಲೈ" ಅಂತ ಬಂತು.

ಜುಲೈ ಎಲ್ಲಿಂದ ಬಂತಪ್ಪಾ ಅಂತ ತಲೆ ಕೆರೆದುಕೊಂಡೆ. ಗೂಗಲ್ ಶೀಟಿನಲ್ಲಿ ಖಾಲಿ ಖಾನೆಯನ್ನು ಸೊನ್ನೆಗೆ ಹೋಲಿಸಿದರೆ ಎರಡೂ ಒಂದೇ ಅನ್ನುತ್ತದೆ. `MIN` ಖಾಲಿಯನ್ನು ಲೆಕ್ಕಕ್ಕೆ ತಗೊಳ್ಳುವುದಿಲ್ಲ, ಆದರೆ ಹೋಲಿಕೆ ತಗೊಳ್ಳುತ್ತದೆ. ಖಾಲಿಯನ್ನು ಹೊರಗಿಡುವ ಷರತ್ತು ಸೇರಿಸಿದ ಮೇಲೆ ಸರಿಹೋಯಿತು:

```
=TEXTJOIN(", ", TRUE, FILTER(A2:A13,
  (B2:B13=MIN(B2:B13))*(B2:B13<>"")))
```

ಆಗಲೇ ಚಾರ್ಟನ್ನು ಮತ್ತೆ ನೋಡಿದ್ದು. ಅಲ್ಲೂ ಅದೇ ತಪ್ಪು ಕೂತಿತ್ತು. ಜನವರಿಗೂ ಕಂಬ ಇಲ್ಲ, ಜುಲೈಗೂ ಕಂಬ ಇಲ್ಲ. ಕಣ್ಣಿರುವ ನಾವೆಲ್ಲ ಜುಲೈನಲ್ಲಿ ಮಳೆಯೇ ಇಲ್ಲ ಅಂತ ಓದಿಕೊಂಡಿದ್ದೆವು. ನಿಜ ಏನೆಂದರೆ, ಜುಲೈ ಶುರುವಿನಲ್ಲೇ ಅಳತೆಯ ಗಾಜು ಒಡೆದುಹೋಗಿತ್ತು. ಹೊಸದು ಬರುವಷ್ಟರಲ್ಲಿ ಆಗಸ್ಟ್ ಆಗಿತ್ತು. ಮಳೆ ಬಂದಿತ್ತು, ಅಳೆದಿರಲಿಲ್ಲ.

ಏರಿಳಿತದ ವಾಕ್ಯವನ್ನು ಮಾತ್ರ ಸೂತ್ರಕ್ಕೆ ಬಿಡಲಿಲ್ಲ. ಪಕ್ಕದ ಕಾಲಂನಲ್ಲಿ ಈ ತಿಂಗಳಿಂದ ಹಿಂದಿನ ತಿಂಗಳನ್ನು ಕಳೆದೆ. ಕೂಡಿಸು ಗುರುತು ಕಳೆಯುವ ಗುರುತಾಗಿ ಬದಲಾದ ಕಡೆಯಲ್ಲೆಲ್ಲ ಒಂದು ತುಂಡು ಮುಗಿದಂತೆ. ಮೇವರೆಗೆ ಏರಿಕೆ, ಜೂನ್‌ನಲ್ಲಿ 32 ಇಳಿಕೆ, ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಏರಿಕೆ, ನವೆಂಬರ್‌ನಲ್ಲಿ ಒಮ್ಮೆಲೇ 92 ಇಳಿಕೆ. ಜೂನ್ 52, ಆಗಸ್ಟ್ 71 ಅಂತ "ಜೂನ್‌ನಿಂದ ಆಗಸ್ಟ್‌ಗೆ ಏರಿತು" ಅಂತ ಬರೆಯಲು ಕೈ ಹೋಗಿತ್ತು. ಜುಲೈ ಎಷ್ಟು ಅಂತ ಗೊತ್ತಿಲ್ಲದೆ ಹಾಗೆ ಬರೆಯುವಂತಿಲ್ಲ.

ಕೊನೆಗೆ ನಿಂತ ಪಠ್ಯ ಇದು:

"ಬಾರ್ ಚಾರ್ಟ್. ಹೊಲದ ತಿಂಗಳವಾರು ಮಳೆ, ಮಿಲಿಮೀಟರ್‌ನಲ್ಲಿ. ಜುಲೈ ಬಿಟ್ಟು ಒಟ್ಟು 550. ಅತಿ ಹೆಚ್ಚು ಅಕ್ಟೋಬರ್, 132. ಜನವರಿ, ಫೆಬ್ರವರಿ ಮಳೆ ಇಲ್ಲ. ಮಾರ್ಚ್‌ನಿಂದ ಏರಿ ಮೇ ತಿಂಗಳಲ್ಲಿ 84. ಜೂನ್‌ನಲ್ಲಿ 52ಕ್ಕೆ ಇಳಿಕೆ. ಆಗಸ್ಟ್‌ನಿಂದ ಮತ್ತೆ ಏರಿ ಅಕ್ಟೋಬರ್‌ವರೆಗೆ. ನವೆಂಬರ್‌ನಲ್ಲಿ 40ಕ್ಕೆ ಕುಸಿತ. ಜುಲೈ ಅಳೆದಿಲ್ಲ."

ಮೂರೂ ಪ್ರಶ್ನೆಗೆ ಅಣ್ಣ ಒಂದೇ ಸಲ ಕೇಳಿ ಉತ್ತರ ಕೊಟ್ಟ. ಒಂದು ತಿದ್ದುಪಡಿಯನ್ನೂ ಹೇಳಿದ. ಮೊದಲು "ಮಿ.ಮೀ." ಅಂತ ಬರೆದಿದ್ದೆ. ಅವನ ಫೋನಿನ ದನಿ ಆ ಚುಕ್ಕಿಗಳಲ್ಲಿ ಮುಗ್ಗರಿಸುತ್ತಿತ್ತು, ಅದೂ ಪ್ರತಿ ಅಂಕಿಯ ಹಿಂದೆ. "ಒಂದ್ಸಲ ಪೂರ್ತಿ ಹೇಳಿ ಬಿಟ್ಟುಬಿಡೋ ತಮ್ಮಾ, ಮಳೆಯನ್ನ ಲೀಟರ್ ಲೆಕ್ಕದಲ್ಲಿ ಯಾರು ಅಳೀತಾರೆ" ಅಂದ.

ನಾಲ್ಕನೆಯದು: ಚಿತ್ರದ ಕೆಳಗೆ ಕೋಷ್ಟಕ

ಆಲ್ಟ್‌ನಲ್ಲಿ ಎರಡನೆಯ ಬಗೆಯ ಒಂದು ವಾಕ್ಯ, ಕೆಳಗೆ ನಿಜವಾದ ಕೋಷ್ಟಕ. ಎನ್‌ವಿಡಿಎಯಲ್ಲಿ `T` ಒತ್ತಿದರೆ ಕೋಷ್ಟಕಕ್ಕೆ ಹೋಗುತ್ತದೆ. ಒಳಗೆ `Ctrl+Alt` ಹಿಡಿದು ಬಾಣದ ಕೀ ಒತ್ತಿದರೆ ಖಾನೆಯಿಂದ ಖಾನೆಗೆ. ಮೊದಲ ಸಲ ತಿಂಗಳ ಹೆಸರನ್ನೂ ಸಾದಾ ಖಾನೆ, ಅಂದರೆ `td` ಆಗಿ ಹಾಕಿದ್ದೆ. ಮಳೆಯ ಕಾಲಂನಲ್ಲಿ ಕೆಳಗಿಳಿದ ಅಣ್ಣನಿಗೆ "38, 84, 52" ಅಂತ ಬರೀ ಅಂಕಿ ಕೇಳಿಸಿತು, ಯಾವ ತಿಂಗಳದ್ದು ಅಂತ ಗೊತ್ತಾಗಲಿಲ್ಲ. ತಿಂಗಳನ್ನು ಸಾಲಿನ ಶೀರ್ಷಿಕೆ, ಅಂದರೆ `th` ಮಾಡಿ ಹೀಗೆ ಬದಲಾಯಿಸಿದೆ:

```
<tr><th scope="row">ಮೇ</th><td>84</td></tr>
<tr><th scope="row">ಜುಲೈ</th><td>ಅಳೆದಿಲ್ಲ</td></tr>
```

ಈಗ ಪ್ರತಿ ಅಂಕಿಯ ಜೊತೆಗೆ ತಿಂಗಳೂ ಕೇಳುತ್ತದೆ. ನಾನು ಜಾಣತನ ತೋರಿಸಲು ಹೋಗಿ ಕೋಷ್ಟಕವನ್ನು `aria-describedby`ಯಿಂದ ಚಿತ್ರಕ್ಕೆ ವಿವರಣೆಯಾಗಿ ಕಟ್ಟಿದ್ದೆ. ಖಾನೆಗಳೆಲ್ಲ ಕರಗಿ ಮತ್ತೆ ಮೊದಲನೆಯ ಬಗೆಯ ಅಂಕಿ ಸರಮಾಲೆಯೇ ಆಯಿತು. ಅದನ್ನು ಕಿತ್ತುಹಾಕಿದೆ.

ಖಚಿತ ಅಂಕಿ ಬೇಕಾದಾಗ ಕೋಷ್ಟಕವನ್ನು ಮೀರಿಸುವುದು ಇಲ್ಲ. ಆದರೆ ಮೇ ಆದ ಮೇಲೆ ಮಳೆ ಸರಿಯಿತಾ ಅನ್ನಲು ಅಣ್ಣ ಖಾನೆ ಖಾನೆ ಇಳಿದು, ಹಿಂದಿನದನ್ನು ನೆನಪಿಟ್ಟುಕೊಂಡು, ತಾನೇ ಕಳೆಯಬೇಕಾಯಿತು. ಶೀಟಿನ ಪಕ್ಕದ ಕಾಲಂನಲ್ಲಿ ನಾನು ಮಾಡಿದ ಕೆಲಸ ಅವನ ತಲೆಯ ಮೇಲೆ ಬಿತ್ತು.

ಈಗ ನಾನು ಹಾಕುವುದು ಮೂರು ಮತ್ತು ನಾಲ್ಕರ ಬೆರಕೆ. ಆಲ್ಟ್‌ನಲ್ಲಿ ಒಂದು ವಾಕ್ಯ ಮತ್ತು "ವಿವರ ಕೆಳಗಿದೆ". ಕ್ರಮವಾಗಿ ಬರೆದ ಪಠ್ಯ ಚಿತ್ರದ ಕೆಳಗೆ ಸಾದಾ ಪ್ಯಾರಾ ಆಗಿ, ಎಲ್ಲರಿಗೂ ಕಾಣುವಂತೆ. ಅದರ ಕೆಳಗೆ ಕೋಷ್ಟಕ. ಪ್ಯಾರಾ ಆಗಿದ್ದರೆ ಅಣ್ಣ ವಾಕ್ಯ ವಾಕ್ಯವಾಗಿ ನಿಂತು ಕೇಳಬಹುದು, ಆಲ್ಟ್‌ನೊಳಗೆ ಇದ್ದರೆ ಅದು ಕಷ್ಟ. ಮನೆಯ ವಾಟ್ಸಾಪ್ ಗುಂಪಿಗೆ ಚಿತ್ರ ಕಳಿಸುವಾಗಲೂ ಅದೇ ಪ್ಯಾರಾವನ್ನು ಚಿತ್ರದ ಕೆಳಗಿನ ಬರಹವಾಗಿ ಅಂಟಿಸುತ್ತೇನೆ.

ಆದರೆ ಇದು 12 ಅಂಕಿಗಳಿಗೆ, ಒಂದು ವರ್ಷಕ್ಕೆ ಹೊಂದುವ ಅಂಗಿ. ಎರಡು ವರ್ಷವನ್ನು ಅಕ್ಕಪಕ್ಕ ಇಟ್ಟ ಚಾರ್ಟಿಗೆ ಇದೇ ಕ್ರಮ ಹೊಲಿದು ನೋಡಿದೆ. ಏರಿಳಿತದ ವಾಕ್ಯಗಳು ಎಂಟಾದವು, ಯಾವ ವರ್ಷದ್ದು ಯಾವುದು ಅಂತ ನನಗೇ ಗೋಜಲಾಯಿತು. ಅಲ್ಲಿ ಎರಡು ವರ್ಷದ ವ್ಯತ್ಯಾಸವನ್ನೇ ಒಂದು ಸಾಲಾಗಿ ಲೆಕ್ಕ ಹಾಕಿ, ಅದರ ಏರಿಳಿತ ಮಾತ್ರ ಬರೆದೆ. ಉಳಿದದ್ದು ಕೋಷ್ಟಕಕ್ಕೆ.

ಎಲ್ಲ ಮುಗಿಯಿತು ಅಂದುಕೊಂಡಾಗ ಅಣ್ಣ ಇನ್ನೊಂದು ಕೇಳಿದ. "ಜೂನ್‌ನಲ್ಲಿ 52 ಅಂದೆಯಲ್ಲ, ಒಂದೇ ದಿನ ಹೊಡೀತೋ, ತಿಂಗಳಿಡೀ ಬಂತೋ?" ಚಾರ್ಟಿನಲ್ಲಿ ಅದಿಲ್ಲ. ದೊಡ್ಡಪ್ಪನ ನೋಟ್‌ಬುಕ್ಕಿನಲ್ಲಿದೆ. ಹವಾಮಾನ ಇಲಾಖೆಯವರು 2.5 ಮಿಲಿಮೀಟರ್ ಅಥವಾ ಅದಕ್ಕಿಂತ ಜಾಸ್ತಿ ಬಿದ್ದರೆ ಅದನ್ನು ಮಳೆ ದಿನ ಅಂತ ಎಣಿಸುತ್ತಾರೆ. ಅದೇ ಲೆಕ್ಕದಲ್ಲಿ ನಾನು ಹಾಳೆ ತಿರುವುತ್ತಾ ಎಣಿಸಿದೆ. ಕೋಷ್ಟಕಕ್ಕೆ ಒಂದು ಕಾಲಂ ಸೇರಿತು, ಪ್ಯಾರಾಕ್ಕೆ ಎರಡು ಪದ: ಜೂನ್‌ನಲ್ಲಿ 52ಕ್ಕೆ ಇಳಿಕೆ, ನಾಲ್ಕೇ ದಿನ.