‘ಸೆಟಲ್ಡ್’ ಅಂತ ಬಂದರೆ ಹಣ ಬಂತು ಅಂತ ತಿಳಿಯಬೇಡಿ

2022ರಲ್ಲಿ ನಮ್ಮ ಅಪ್ಪನಿಗೆ ಹುಬ್ಬಳ್ಳಿಯಲ್ಲಿ ಹರ್ನಿಯಾ ಆಪರೇಷನ್ ಆಯಿತು. ಬಿಲ್ಲನ್ನು ಕೈಯಿಂದ ಕಟ್ಟಿ, ಜನವರಿ 6ಕ್ಕೆ ಆರೋಗ್ಯ ವಿಮಾ ಕಂಪನಿಗೆ ಕಾಗದಪತ್ರ ಕೊಟ್ಟೆವು. 24ಕ್ಕೆ ಮೊಬೈಲಿಗೆ ಮೆಸೇಜ್ ಬಂತು: ಕ್ಲೇಮ್ ಸೆಟಲ್ಡ್, 58,750 ರೂಪಾಯಿ. ಸಾಲ ಕೊಟ್ಟ ಕಾಕಾಗೆ ಅವತ್ತೇ ಫೋನ್ ಮಾಡಿ, ಇನ್ನೆರಡು ದಿನದಾಗ ಕೊಡ್ತೀನಿ ಅಂದೆ.

ಹಣ ಬರಲಿಲ್ಲ. ಎರಡು ತಿಂಗಳು ವಿಮಾ ಕಂಪನಿಗೆ ಫೋನ್ ಮಾಡಿದೆ. ಪ್ರತಿ ಸಲ ಹೊಸಬರು, ಒಂದೇ ಉತ್ತರ: “ಸರ್, ನಮ್ಮ ಕಡೆಯಿಂದ ಪೇಮೆಂಟ್ ಆಗಿದೆ, ಬ್ಯಾಂಕಿನಲ್ಲಿ ವಿಚಾರಿಸಿ.” ಕಳಿಸಿದ ಈಮೇಲ್‌ಗಳೂ ವ್ಯರ್ಥವಾದವು. ಅಪ್ಪನ ಕಷ್ಟವನ್ನೆಲ್ಲ ಬರೆದಿದ್ದೆ, ಆದರೆ ಪಾಲಿಸಿ ನಂಬರ್ ಮಾತ್ರ ತಪ್ಪು. ಫೆಬ್ರವರಿಯಲ್ಲಿ ರಿನ್ಯೂವಲ್ ಆದಾಗ ನಂಬರ್ ಬದಲಾಗಿತ್ತು, ನಾನು ಹೊಸದನ್ನೇ ಹಾಕಿದ್ದೆ. ಆಸ್ಪತ್ರೆಗೆ ಸೇರಿದ ದಿನ ಚಾಲ್ತಿಯಲ್ಲಿದ್ದ ಪಾಲಿಸಿಯ ನಂಬರ್ ಕೊಡದಿದ್ದರೆ ಅವರಿಗೆ ಕ್ಲೇಮ್ ಸಿಗುವುದಿಲ್ಲ.

ದಾರಿ ತೋರಿಸಿದವರು ಗದಗಿನ ನಮ್ಮ ಬ್ಯಾಂಕಿನ ಕ್ಯಾಷಿಯರ್. “ಪಾಸ್‌ಬುಕ್ ತೋರ್ಸಿದ್ರ ಏನೂ ತಿಳಿಯಂಗಿಲ್ರಿ. ಯುಟಿಆರ್ ನಂಬರ್ ತಗೊಂಡ ಬರ್ರಿ,” ಅಂದರು. ಬ್ಯಾಂಕಿನಿಂದ ಕಳಿಸಿದ ಪ್ರತಿ ಹಣಕ್ಕೂ ಇರುವ ಗುರುತಿನ ನಂಬರೇ ಯುಟಿಆರ್. ನೆಫ್ಟ್ ಹಣ ಖಾತೆಗೆ ಜಮಾ ಆಗದಿದ್ದರೆ ಕಳಿಸಿದವರಿಗೇ ವಾಪಸ್ ಹೋಗುತ್ತದೆ, ನಮ್ಮ ಪಾಸ್‌ಬುಕ್ಕಿನಲ್ಲಿ ಅದರ ಗುರುತೇ ಇರುವುದಿಲ್ಲ.

ಮಾರ್ಚ್ 29ಕ್ಕೆ ಕಂಪನಿಯ ಕುಂದುಕೊರತೆ ಅಧಿಕಾರಿಗೆ ಈಮೇಲ್ ಕಳಿಸಿದೆ. ವಿಷಯದ ಸಾಲಿನಲ್ಲೇ ಕ್ಲೇಮ್ ನಂಬರ್ ಮತ್ತು ‘ಸೆಟಲ್ ಆದರೂ ಹಣ ಜಮಾ ಆಗಿಲ್ಲ’ ಎಂಬ ಮಾತು. ಒಳಗೆ ಇಷ್ಟೇ:

“ಪಾಲಿಸಿದಾರರ ಹೆಸರು, ಆಪರೇಷನ್ ದಿನದ ಪಾಲಿಸಿ ನಂಬರ್, ಕ್ಲೇಮ್ ನಂಬರ್ ಕೆಳಗಿವೆ. ಆಸ್ಪತ್ರೆ ಸೇರಿದ, ಬಿಟ್ಟ ದಿನಾಂಕಗಳೂ ಇವೆ. ಕೊನೆಯ ದಾಖಲೆ ಕೊಟ್ಟದ್ದು ಜನವರಿ 6. ಮಂಜೂರಾದದ್ದು ಜನವರಿ 24, ಮೊತ್ತ 58,750 ರೂಪಾಯಿ. ಇಂದಿನವರೆಗೆ ಜಮಾ ಆಗಿಲ್ಲ, ಸ್ಟೇಟ್‌ಮೆಂಟ್ ಲಗತ್ತಿಸಿದ್ದೇನೆ. ದಯವಿಟ್ಟು ಯುಟಿಆರ್ ನಂಬರ್, ಹಣ ಕಳಿಸಿದ ದಿನಾಂಕ, ಖಾತೆಯ ಕೊನೆಯ ನಾಲ್ಕು ಅಂಕಿ ಮತ್ತು ಐಎಫ್‌ಎಸ್‌ಸಿ ತಿಳಿಸಿ. ಹಣ ವಾಪಸಾಗಿದ್ದರೆ, ಲಗತ್ತಿಸಿದ ರದ್ದು ಚೆಕ್ಕಿನ ಖಾತೆಗೆ ತಡವಾದ ದಿನಗಳ ಬಡ್ಡಿ ಸೇರಿಸಿ ಕಳಿಸಿ.”

ಮೂರನೇ ದಿನ ಉತ್ತರ ಬಂತು. ಕಳಿಸಿದ ಐಎಫ್‌ಎಸ್‌ಸಿ SYNB ಎಂದು ಶುರುವಾಗುತ್ತಿತ್ತು! ಸಿಂಡಿಕೇಟ್ ಬ್ಯಾಂಕು 2020ರ ಏಪ್ರಿಲ್‌ನಲ್ಲೇ ಕೆನರಾದಲ್ಲಿ ವಿಲೀನವಾಗಿತ್ತು, ಆ ಹಳೆಯ ಕೋಡ್‌ಗಳು 2021ರ ಜುಲೈಯಿಂದ ನಡೆಯುತ್ತಿರಲಿಲ್ಲ. ನಾವು ಕ್ಲೇಮ್ ಜೊತೆ ಹೊಸ ಚೆಕ್ಕನ್ನೇ ಕೊಟ್ಟಿದ್ದೆವು. ಅವರು ಅದನ್ನು ನೋಡದೆ, ಮೊದಲ ಪಾಲಿಸಿಯ ಫಾರ್ಮಿನಲ್ಲಿದ್ದ ವಿವರಕ್ಕೇ ಕಳಿಸಿದ್ದರು. ವಾಪಸಾದ ಹಣ ಎರಡು ತಿಂಗಳು ಅವರ ಹತ್ತಿರವೇ ಇತ್ತು. ಅದು ನನಗೆ ಇವತ್ತಿಗೂ ಸಿಟ್ಟು ತರಿಸುತ್ತದೆ.

ಏಪ್ರಿಲ್ 7ಕ್ಕೆ ಅಸಲು ಬಂತು, ಬಡ್ಡಿ ಇಲ್ಲದೆ. ನಿಯಮದಂತೆ ತಡಮಾಡಿದ ಕಂಪನಿ ರಿಸರ್ವ್ ಬ್ಯಾಂಕಿನ ‘ಬ್ಯಾಂಕ್ ದರ’ಕ್ಕಿಂತ ಶೇ. 2 ಹೆಚ್ಚಿನ ಬಡ್ಡಿ ಕೊಡಬೇಕು. ಅದೇ ಈಮೇಲ್ ಎಳೆಯಲ್ಲಿ ಮತ್ತೆ ಕೇಳಿದ ಮೇಲೆ ಕೊಟ್ಟರು.

ನಿಮ್ಮ ಹಳೆಯ ಪಾಲಿಸಿಯಲ್ಲಿ ವಿಲೀನವಾದ ಬ್ಯಾಂಕಿನ ಖಾತೆ ಇದ್ದರೆ ಈಗಲೇ ಬದಲಿಸಿಕೊಳ್ಳಿ. ಕಂಪನಿ ಎರಡು ವಾರದಲ್ಲಿ ದೂರು ಬಗೆಹರಿಸದಿದ್ದರೆ ವಿಮಾ ನಿಯಂತ್ರಣ ಪ್ರಾಧಿಕಾರದ ದೂರು ತಾಣ bimabharosa.irdai.gov.in ನಲ್ಲಿ ಹಾಕಿ, ಈ ಈಮೇಲನ್ನೇ ಲಗತ್ತಿಸಿ.