ತಾರಸಿಗೆ ಬಿಳಿ ಕೋಟಿಂಗ್, ಕೆಳಗೆ ಫಾಲ್ಸ್ ಸೀಲಿಂಗ್: ದಾವಣಗೆರೆಯಲ್ಲಿ ಮೂರು ಬೇಸಿಗೆ ಕಂಡ ಮೇಲೆ

ನಮ್ಮದು ದಾವಣಗೆರೆಯಲ್ಲಿ ಮೇಲಂತಸ್ತಿನ ಮನೆ. ಐದಿಂಚಿನ ಆರ್‌ಸಿಸಿ ಸ್ಲ್ಯಾಬ್, ಅದರ ಮೇಲೆ ನೇರ ಬಿಸಿಲು. ಎರಡು ಮಲಗುವ ಕೋಣೆಗಳಲ್ಲಿ ಒಂದಕ್ಕೆ ಮನೆ ಕಟ್ಟುವಾಗಲೇ ಜಿಪ್ಸಮ್ ಫಾಲ್ಸ್ ಸೀಲಿಂಗ್ ಆಗಿತ್ತು, ಇನ್ನೊಂದಕ್ಕೆ ಬರೀ ಪ್ಲಾಸ್ಟರ್. ಮೊದಲ ವರ್ಷ ಎರಡನೇ ಕೋಣೆಯ ಮೇಲಿನ ತಾರಸಿಗಷ್ಟೇ ಬಿಸಿಲು ತಡೆಯುವ ಬಿಳಿ ಅಕ್ರಿಲಿಕ್ ಕೋಟಿಂಗ್ ಹೊಡೆಸಿದೆವು. ಹಾಗಾಗಿ ಒಂದೇ ಸೂರಿನಡಿ ಎರಡನ್ನೂ ಹೋಲಿಸಿ ನೋಡಲು ಸಿಕ್ಕಿತು.

ಏಪ್ರಿಲ್‌ ಮಧ್ಯಾಹ್ನ ಟೆಂಪರೇಚರ್ ಗನ್ ಹಿಡಿದು ನೋಡಿದರೆ ಬರಿ ಸಿಮೆಂಟಿನ ತಾರಸಿ 60 ಡಿಗ್ರಿ ದಾಟಿರುತ್ತಿತ್ತು, ಪಕ್ಕದಲ್ಲೇ ಬಿಳಿ ಬಳಿದ ಭಾಗ 43ರ ಆಸುಪಾಸು. ಬರಿಗಾಲಲ್ಲಿ ನಿಂತು ಸಂಡಿಗೆ ಹಾಕಬಹುದು, ಅಷ್ಟು ವ್ಯತ್ಯಾಸ. ಆದರೆ ನಿಜವಾದ ಲಾಭ ತಿಳಿಯುವುದು ರಾತ್ರಿ. ಸ್ಲ್ಯಾಬ್ ಹಗಲೆಲ್ಲ ಕುಡಿದ ಕಾವು ಕೆಳಗಿಳಿಯಲು ಕೆಲವು ಗಂಟೆ ಹಿಡಿಯುತ್ತದೆ; ಸಂಜೆ ಹೊರಗೆ ಗಾಳಿ ತಂಪಾದ ಮೇಲೂ ಒಳಗೆ ಧಗೆ ಉಳಿಯುವುದು ಅದಕ್ಕೇ. ಆ ಹೊತ್ತಿಗೆ ಫ್ಯಾನ್ ಹಾಕಿದರೆ ಸ್ಲ್ಯಾಬಿನ ಬಿಸಿ ಗಾಳಿಯೇ ಮೈಮೇಲೆ ಬೀಳುತ್ತದೆ. ಕೋಟಿಂಗ್ ಆದ ಕೋಣೆಯಲ್ಲಿ ರಾತ್ರಿ ಒಂಬತ್ತಕ್ಕೆ ಸ್ಲ್ಯಾಬಿನ ತಳ ಮೊದಲಿಗಿಂತ ನಾಲ್ಕೈದು ಡಿಗ್ರಿ ಕಡಿಮೆ ಇತ್ತು, ಕೋಣೆಯ ಗಾಳಿ ಎರಡು-ಮೂರು ಡಿಗ್ರಿ ಕಡಿಮೆ. ಎಸಿ ಹಾಕಿದ ಹಾಗಾಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಫಾಲ್ಸ್ ಸೀಲಿಂಗ್ ಕೋಣೆ ಮಧ್ಯಾಹ್ನ ಪರವಾಗಿಲ್ಲ ಅನಿಸುತ್ತಿತ್ತು. ರಾತ್ರಿ ಹತ್ತಕ್ಕೆ ಹೋದರೆ ಮಾತ್ರ ಬೋರ್ಡ್ ಮುಟ್ಟಿದರೆ ಬೆಚ್ಚಗೆ. ಕಾರಣ ಸರಳ: ಮೇಲಿನ ಸ್ಲ್ಯಾಬ್ ಕಾಯುವುದನ್ನು ಅದು ತಡೆಯುವುದೇ ಇಲ್ಲ. ನಡುವಿನ ಗಾಳಿಗೆ ಹೊರಗೆ ಹೋಗಲು ದಾರಿ ಇಲ್ಲ, ಕಿಟಕಿಯಿಂದ ಬಂದ ತಂಪು ಗಾಳಿಗೆ ಸ್ಲ್ಯಾಬ್ ತಲುಪಲೂ ದಾರಿ ಇಲ್ಲ. ಬೋರ್ಡ್ ಮೇಲೆ ಎರಡಿಂಚಿನ ಗ್ಲಾಸ್‌ವುಲ್ ಹಾಸಿದ್ದರೆ ಮಾತು ಬೇರೆ, ಅದರಲ್ಲೂ ಎಸಿ ಇರುವ ಕೋಣೆಗೆ. ಬರೀ ಬೋರ್ಡನ್ನು ಅಂದಕ್ಕೆ ಹಾಕಿಸಿ, ಕಾವಿಗಲ್ಲ. ಎರಡನೇ ಬೇಸಿಗೆಗೆ ಆ ಭಾಗಕ್ಕೂ ಕೋಟಿಂಗ್ ಮಾಡಿಸಿದ ಮೇಲೆಯೇ ಅಲ್ಲಿ ನಿದ್ದೆ ಬಂದದ್ದು.

ಕೆಲಸ ಮಾಡಿಸುವಾಗ ಎರಡು ಕಡೆ ಕಣ್ಣಿಡಬೇಕು. ಮೊದಲನೆಯದು ತೇವ. ಒಂದು ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚನ್ನು ಟೇಪಿನಿಂದ ತಾರಸಿಗೆ ಅಂಟಿಸಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಅಡಿಯಲ್ಲಿ ಹನಿ ಕಂಡರೆ ಇನ್ನೂ ಒಣಗಿಲ್ಲ, ಬಳಿದರೆ ಗುಳ್ಳೆ ಏಳುತ್ತದೆ. ಎರಡನೆಯದು ನೀರು ಬೆರೆಸುವುದು. ಎರಡು ಕೋಟ್ ಸೇರಿ ಲೀಟರಿಗೆ ಸುಮಾರು 20-25 ಚದರಡಿ ಎಂದು ಹಿಡಿಯಿರಿ. ನಮ್ಮ 600 ಚದರಡಿಗೆ ಪ್ರೈಮರ್ ಬಿಟ್ಟು ಹತ್ತಿರ ಹತ್ತಿರ 30 ಲೀಟರ್ ಹಿಡಿಯಿತು. "20 ಲೀಟರ್ ಬಕೆಟ್ ಒಂದೇ ಸಾಕು ಸಾರ್" ಎನ್ನುವ ಪೇಂಟರ್ ಪದರವನ್ನು ತೆಳ್ಳಗೆ ಮಾಡುತ್ತಾನೆ. ಅದು ಒಂದು ಮಳೆಗಾಲದಲ್ಲೇ ಸವೆದು ಸಿಮೆಂಟ್ ಇಣುಕುತ್ತದೆ. ಮೊದಲ ಕೋಟ್ ಉದ್ದಕ್ಕೆ, ಎರಡನೆಯದು ಅಡ್ಡಕ್ಕೆ ಹೊಡೆಸಿ, ಬಿಟ್ಟುಹೋದ ಜಾಗ ಮುಚ್ಚುತ್ತದೆ. ಕಾದ ತಾರಸಿಯ ಮೇಲೆ ಬೇಡ, ಬೆಳಿಗ್ಗೆ ಬೇಗ ಶುರುಮಾಡಿಸಿ. ಫೆಬ್ರವರಿಯಲ್ಲಿ ಮುಗಿಸಿದರೆ ಒಳ್ಳೆಯದು, ಏಪ್ರಿಲ್-ಮೇ ತಿಂಗಳಲ್ಲಿ ಅಡ್ಡಮಳೆ ಯಾವಾಗ ಬರುತ್ತದೋ ಹೇಳಲಾಗದು.

ಇನ್ನು ನಮ್ಮೂರಿನ ವಿಶೇಷ ತೊಂದರೆ: ಧೂಳು, ಜೊತೆಗೆ ಮಂಡಕ್ಕಿ ಭಟ್ಟಿಗಳ ಮಸಿ. ಗಾಳಿ ಆ ಕಡೆಯಿಂದ ಬೀಸಿದ ದಿನ ತಾರಸಿ ಮೇಲೆ ಕೈಯಾಡಿಸಿದರೆ ಕಪ್ಪು ಅಂಟುತ್ತದೆ. ಕೋಟಿಂಗ್ ಕೆಲಸ ಮಾಡುವುದು ಬಿಸಿಲನ್ನು ಹಿಂದಕ್ಕೆ ಎಸೆಯುವುದರಿಂದ. ಬೂದು ಬಣ್ಣಕ್ಕೆ ತಿರುಗಿದಷ್ಟೂ ಬಲ ಕಳೆದುಕೊಳ್ಳುತ್ತದೆ. ಮೂರನೇ ಬೇಸಿಗೆಯ ಆರಂಭದಲ್ಲಿ ಅದೇ ಜಾಗ 50 ಡಿಗ್ರಿ ತೋರಿಸಿತು. ಸೋಪಿನ ನೀರು ಹಾಕಿ ಮೆತ್ತನೆ ಪೊರಕೆಯಿಂದ ಉಜ್ಜಿ ತೊಳೆದ ಮೇಲೆ 45ಕ್ಕೆ ಇಳಿಯಿತು. ವೈರ್ ಬ್ರಷ್ ಮುಟ್ಟಿಸಬೇಡಿ, ಪದರವೇ ಕಿತ್ತು ಬರುತ್ತದೆ. ಈಗ ಮಾರ್ಚ್ ಮೊದಲಲ್ಲಿ ಒಮ್ಮೆ, ಏಪ್ರಿಲ್ ನಡುವೆ ಇನ್ನೊಮ್ಮೆ ತೊಳೆಯುತ್ತೇವೆ. ನೀರಿನ ಕಷ್ಟ ಇರುವ ಮನೆಯವರು ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಎಲ್ಲಿ ಹಾಳಾಗಿದೆ ಎಂದರೆ, ಡ್ರೈನ್ ಪೈಪಿನ ಬಾಯಿ ಹತ್ತಿರ. ಅಲ್ಲಿ ಇಳಿಜಾರು ಸರಿಯಿಲ್ಲದೆ ನೀರು ನಿಲ್ಲುತ್ತದೆ, ಅಂಗೈಯಷ್ಟು ಜಾಗ ಸಿಪ್ಪೆ ಎದ್ದಿದೆ. ಉಳಿದೆಡೆ ಗಟ್ಟಿಯಾಗಿದೆ. ಮಳೆಗಾಲದಲ್ಲಿ ಪಾಚಿ ಕಟ್ಟಿದರೆ ಜಾರುತ್ತದೆ, ಟ್ಯಾಂಕ್ ನೋಡಲು ಹತ್ತುವ ಹಿರಿಯರನ್ನು ತಡೆಯಿರಿ. ಮಧ್ಯಾಹ್ನ ಕಣ್ಣು ಕೋರೈಸುವುದೂ ಉಂಟು. ಪಡುವಣ ಗೋಡೆಯ ಕಾವು ಹಾಗೆಯೇ ಇದೆ. ಅದಕ್ಕೆ ಕಿಟಕಿ ಮೇಲೆ ನೆರಳುಬಲೆ ಕಟ್ಟಿದ್ದೇವೆ. ಬರುವ ಫೆಬ್ರವರಿಗೆ ಪೈಪಿನ ಬಾಯಿಯ ಇಳಿಜಾರು ಸರಿಪಡಿಸಿ, ಇಡೀ ತಾರಸಿಗೆ ಮೇಲೊಂದು ಕೋಟ್ ಹೊಡೆಸುವುದಿದೆ.